ಹಳೇ ಲ್ಯಾಪ್‌ಟಾಪಿನಲ್ಲಿ ಲಿಬ್ರೆ ಆಫೀಸ್: ಎರಡೂವರೆ ವರ್ಷ ಬಳಸಿದ ಮೇಲೆ

ನಾನು ವಿಜಯಪುರದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೇನೆ. ಲ್ಯಾಪ್‌ಟಾಪ್ ಅಣ್ಣ ಬಳಸಿ ಬಿಟ್ಟದ್ದು. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 10. ಬ್ಯಾಟರಿ ಸತ್ತು ಹೋಗಿದೆ, ಚಾರ್ಜರ್ ಕಿತ್ತರೆ ಆಫ್. ಆಫೀಸ್ ಸಾಫ್ಟ್‌ವೇರ್‌ಗೆ ವರ್ಷ ವರ್ಷ ದುಡ್ಡು ಕಟ್ಟುವುದು ಆಗದ ಮಾತು. ಕ್ರ್ಯಾಕ್ ಮಾಡಿದ್ದನ್ನು ಹಾಕಿಸಿಕೊಳ್ಳುವ ಮನಸ್ಸಿರಲಿಲ್ಲ. ಹಾಗಾಗಿ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಹಾಕಿಕೊಂಡೆ. ಇದರಲ್ಲೇ ಎಲ್ಲ ಅಸೈನ್‌ಮೆಂಟ್, ಸೆಮಿನಾರ್, ಕೊನೆಗೆ ಇಲ್ಲಿನ ಹಳೇ ಬಾವಿಗಳಾದ ತಾಜ್ ಬಾವಡಿ, ಚಾಂದ್ ಬಾವಡಿ ಬಗ್ಗೆ 60 ಪುಟ ದಾಟಿದ ಕಿರುಪ್ರಬಂಧವನ್ನೂ ಬರೆದೆ. ಕನ್ನಡದಲ್ಲಿ ಬರೆಯುವವರಿಗೆ ಉಪಯೋಗವಾಗಲಿ ಅಂತ ಇದನ್ನು ಹಂಚಿಕೊಳ್ಳುತ್ತಿದ್ದೇನೆ.

ಮೊದಲು ವೇಗದ ಮಾತು. ಲ್ಯಾಪ್‌ಟಾಪ್ ಹಚ್ಚಿದ ಮೇಲೆ ಮೊದಲ ಸಲ ಇದರ ಬರಹದ ಭಾಗವಾದ ರೈಟರ್ ತೆರೆಯಲು ನನ್ನಲ್ಲಿ ಅರ್ಧ ನಿಮಿಷ ಬೇಕು. ಎರಡನೇ ಸಲ ಬೇಗ ಬರುತ್ತದೆ. ಆಮೇಲೆ ಟೈಪ್ ಮಾಡುವಾಗ ತಡವಿಲ್ಲ. ಶುರುವಿನಲ್ಲಿ ಪುಟ ಸರಿಸಿದಾಗ ಪರದೆ ಮಿಣುಕುತ್ತಿತ್ತು. ಹಳೇ ಗ್ರಾಫಿಕ್ಸ್ ಡ್ರೈವರ್ ಇದ್ದಲ್ಲಿ ಹೀಗಾಗುವುದುಂಟು. `Tools > Options > LibreOffice > View` ಒಳಗೆ `Use Skia for all rendering` ಎಂಬುದರ ಟಿಕ್ ತೆಗೆದು, ಮುಚ್ಚಿ ಮತ್ತೆ ತೆರೆದೆ. ಅಲ್ಲಿಂದ ಈಚೆಗೆ ಮಿಣುಕಿಲ್ಲ. ನಿಮ್ಮಲ್ಲಿ ಇನ್ನೂ ವಿಂಡೋಸ್ 7 ಇದ್ದರೆ 25.2 ಆವೃತ್ತಿಯವರೆಗೆ ಮಾತ್ರ ನಡೆಯುತ್ತದೆ, 25.8 ಹಾಕಲು ಆಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡದ ಫಾಂಟ್. ಪ್ರಬಂಧದ ಅಕ್ಷರ 14 ಇರಬೇಕು ಎಂದು ಗೈಡ್ ಮೇಡಂ ಹೇಳಿದ್ದರು. ಸ್ಟೈಲ್‌ನಲ್ಲಿ 14 ಕೊಟ್ಟೆ. ನಡುವೆ ಬರುವ ಇಂಗ್ಲಿಷ್ ಹೆಸರುಗಳು ದೊಡ್ಡದಾದವು, ಕನ್ನಡ ಮಾತ್ರ 12ರಲ್ಲೇ ಉಳಿಯಿತು! ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಕಾರಣ ಸರಳ. ಲಿಬ್ರೆ ಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗೆ ಇನ್ನೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಎರಡಕ್ಕೂ ಹೆಸರು ಬೇರೆ, ಅಳತೆ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ಅಲ್ಲಾಡುವುದಿಲ್ಲ.

ಸರಿ ಮಾಡುವುದು ಹೀಗೆ. `Tools > Options` ಒಳಗೆ ಭಾಷೆಗಳ ವಿಭಾಗಕ್ಕೆ ಹೋಗಿ `Complex text layout` ಟಿಕ್ ಮಾಡಿ, ಪಕ್ಕದಲ್ಲಿ ಕನ್ನಡ ಆರಿಸಿ. ಆಮೇಲೆ F11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. `Default Paragraph Style` ಮೇಲೆ ಬಲಗಡೆ ಕ್ಲಿಕ್ ಮಾಡಿ ತಿದ್ದಲು ತೆರೆಯಿರಿ. ಫಾಂಟ್ ವಿಭಾಗದಲ್ಲಿ ಇಂಗ್ಲಿಷಿನದು, ಕನ್ನಡದ್ದು ಎರಡೂ ಕಾಣುತ್ತವೆ. ಎರಡಕ್ಕೂ ಅಳತೆ ಕೊಡಿ. ಶೀರ್ಷಿಕೆಯ ಸ್ಟೈಲ್‌ಗಳಲ್ಲೂ ಹೀಗೇ ನೋಡಿಕೊಳ್ಳಿ. ಪ್ರತಿ ಪ್ಯಾರಾವನ್ನೂ ಕೈಯಿಂದ ಆರಿಸಿ ಅಳತೆ ಬದಲಿಸುವ ಕೆಲಸ ಮಾಡಬೇಡಿ. ಅಧ್ಯಾಯ ಸೇರಿಸುವ ಹೊತ್ತಿಗೆ ಎಲ್ಲ ಕಲಸಿ ಹೋಗುತ್ತದೆ.

ಎರಡನೇ ಪಾಠ ಪ್ರಿಂಟ್ ಅಂಗಡಿಯಲ್ಲಿ ಆಯಿತು. ನಾನು ನೋಟೊ ಸೆರಿಫ್ ಕನ್ನಡ ಫಾಂಟಿನಲ್ಲಿ ಬರೆದಿದ್ದೆ. ಓದಲು ಬಹಳ ಚೆಂದ. ಫೈಲನ್ನು ವರ್ಡ್‌ನ `.docx`, ಅಂದರೆ ಡಾಕ್ಸ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ನನ್ನಲ್ಲಿ 62 ಪುಟ ಇದ್ದದ್ದು ಅಂಗಡಿಯ ಕಂಪ್ಯೂಟರಿನಲ್ಲಿ 67 ಆಯಿತು. ಅಂಗಡಿಯ ಕಾಕಾ, "ತಮ್ಮಾ, ಈ ಫಾಂಟ್ ನಮ್ಮಲ್ಲಿ ಇಲ್ಲ. ಸಾಲು ಎಲ್ಲಾ ಕೆಳಗ ಸರದಾವ ನೋಡು" ಅಂದರು. ಅವರ ಯಂತ್ರ ಬೇರೆ ಫಾಂಟ್ ಹಾಕಿಕೊಂಡಿತ್ತು, ಅದರ ಸಾಲಿನ ಎತ್ತರ ಬೇರೆ. ಪರಿವಿಡಿಯ ಪುಟಸಂಖ್ಯೆ ಒಂದೂ ಹೊಂದಲಿಲ್ಲ. ಬಾವಡಿಯ ಫೋಟೋ ಒಂದು ಪುಟದಲ್ಲಿ, ಅದರ ಕೆಳಗಿನ ಬರಹ ಮುಂದಿನ ಪುಟದಲ್ಲಿ.

ಇಂಗ್ಲಿಷ್ ಮಾತ್ರ ಬರೆಯುವವರಿಗೆ ಈ ತಾಪತ್ರಯ ಕಡಿಮೆ. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್ ಬದಲಿಗೆ ಲಿಬರೇಶನ್ ಸೆರಿಫ್ ಲಿಬ್ರೆ ಆಫೀಸ್ ಜೊತೆಗೇ ಬರುತ್ತವೆ. ಅವುಗಳ ಅಕ್ಷರದ ಅಗಲ ಮೂಲ ಫಾಂಟಿನಷ್ಟೇ ಇರುವುದರಿಂದ ಸಾಲು ಅಷ್ಟಾಗಿ ಒಡೆಯುವುದಿಲ್ಲ. ಕನ್ನಡಕ್ಕೆ ಆ ಅನುಕೂಲ ಇಲ್ಲ.

ಅಂದಿನಿಂದ ನಾನು ಕನ್ನಡಕ್ಕೆ ನಿರ್ಮಲಾ ಯುಐ ಬಳಸುತ್ತೇನೆ. ವಿಂಡೋಸ್ 8ರಿಂದ ಈಚೆಗೆ ಎಲ್ಲ ಯಂತ್ರದಲ್ಲೂ ಅದು ಇರುತ್ತದೆ. ಗೈಡ್‌ಗೆ ತಿದ್ದಲು ಕೊಡುವಾಗ ಡಾಕ್ಸ್, ಪ್ರಿಂಟಿಗೆ ಕೊಡುವಾಗ ಪಿಡಿಎಫ್. `File > Export As` ಒಳಗಿಂದ ಪಿಡಿಎಫ್ ಮಾಡಿದರೆ ಫಾಂಟ್ ಫೈಲಿನೊಳಗೇ ಸೇರಿಕೊಳ್ಳುತ್ತದೆ. ಅಕ್ರೊಬ್ಯಾಟ್ ರೀಡರ್‌ನಲ್ಲಿ ಫೈಲಿನ `Properties` ತೆರೆದು `Fonts` ನೋಡಿ. ಹೆಸರಿನ ಮುಂದೆ `Embedded Subset` ಅಂತ ಇದ್ದರೆ ಧೈರ್ಯವಾಗಿ ಅಂಗಡಿಗೆ ಹೋಗಬಹುದು. ಬೇರೆಯವರ ಫೈಲ್ ನಿಮ್ಮಲ್ಲಿ ತೆರೆದಾಗ ಮೇಲಿನ ಪಟ್ಟಿಯಲ್ಲಿ ಫಾಂಟ್ ಹೆಸರು ಓರೆ ಅಕ್ಷರದಲ್ಲಿ ಕಂಡರೆ, ಆ ಫಾಂಟ್ ನಿಮ್ಮಲ್ಲಿ ಇಲ್ಲ ಎಂದೇ ಅರ್ಥ.

ನುಡಿ ಫಾಂಟಿನ ಹಳೇ ಫೈಲುಗಳದ್ದು ಬೇರೆಯೇ ಕಥೆ. ಮುಖಪುಟದ ನಮೂನೆ ಅಂತ ನನಗೆ ಸಿಕ್ಕ ಫೈಲ್ ತೆರೆದರೆ "ಕನ್ನಡ" ಇರಬೇಕಾದಲ್ಲಿ `PÀ£ÀßqÀ` ಅಂತಿತ್ತು. ಫೈಲ್ ಕೆಟ್ಟಿರಲಿಲ್ಲ. ಹಳೇ ನುಡಿ ಬರಹ ಒಳಗೆ ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ಆ ಫಾಂಟ್ ಹಾಕಿಕೊಂಡರೆ ಸರಿಯಾಗಿ ಕಾಣುತ್ತದೆ. ಲಿಬ್ರೆ ಆಫೀಸ್ ಅದನ್ನು ಇಂಗ್ಲಿಷ್ ಎಂದೇ ತಿಳಿಯುವುದರಿಂದ ಇಂಗ್ಲಿಷಿನ ಕಡೆಯ ಫಾಂಟ್ ಬದಲಿಸಬೇಕು, ಇದು ನೆನಪಿರಲಿ. ಆದರೆ ಅದರೊಳಗೆ ಕನ್ನಡ ಪದ ಹುಡುಕಲು ಆಗುವುದಿಲ್ಲ. ನನ್ನ ಸಲಹೆ, ಪರಿವರ್ತಕದಿಂದ ಯೂನಿಕೋಡ್ ಮಾಡಿಕೊಳ್ಳಿ. ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಇಸವಿಗಳನ್ನು ಮೂಲದ ಜೊತೆ ಒಮ್ಮೆ ಹೋಲಿಸಿ ಓದಿ.

ಫೋಟೋ ಸೇರಿಸುವವರಿಗೆ ಒಂದು ಮಾತು. ಬಾವಡಿಗಳ 38 ಫೋಟೋ ಮೊಬೈಲಿನಿಂದ ನೇರವಾಗಿ ಹಾಕಿದ್ದಕ್ಕೆ ಫೈಲ್ 140 ಎಂಬಿ ಆಗಿತ್ತು. ಸೇವ್ ಒತ್ತಿದರೆ ಯಂತ್ರ ಉಸಿರು ಹಿಡಿದು ನಿಲ್ಲುತ್ತಿತ್ತು. ಚಿತ್ರದ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ `Compress` ಸಿಗುತ್ತದೆ. 200 ಡಿಪಿಐಗೆ ಇಳಿಸುತ್ತಾ ಹೋದೆ. ಒಂದೊಂದಾಗಿ ಮಾಡಬೇಕು, ಬೇಸರದ ಕೆಲಸ. ಆದರೆ ಫೈಲ್ 13 ಎಂಬಿಗೆ ಬಂತು, ಪ್ರಿಂಟಿನಲ್ಲಿ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ಕರೆಂಟ್ ಹೋಗುವ ಊರಿನವರು, ಬ್ಯಾಟರಿ ಇಲ್ಲದವರು `Tools > Options > Load/Save > General` ಒಳಗೆ ಇರುವ `AutoRecovery` ಸಮಯವನ್ನು 10 ನಿಮಿಷದಿಂದ 2 ನಿಮಿಷಕ್ಕೆ ಇಳಿಸಿಕೊಳ್ಳಿ. ನನ್ನ ಮೂರನೇ ಅಧ್ಯಾಯ ಉಳಿದದ್ದು ಇದರಿಂದಲೇ.

ಕ್ಯಾಲ್ಕ್ ಬಗ್ಗೆ ದೂರಿಲ್ಲ. ಅಂಕಪಟ್ಟಿ, ಖರ್ಚಿನ ಲೆಕ್ಕ ಎಲ್ಲ ನಡೆಯುತ್ತದೆ. ಇಂಪ್ರೆಸ್‌ನಲ್ಲಿ ಮಾಡಿದ ಸ್ಲೈಡ್ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಅನಿಮೇಶನ್ ಕೆಲವೊಮ್ಮೆ ಏರುಪೇರು ಆಗುತ್ತದೆ, ಸೆಮಿನಾರಿಗೆ ಪಿಡಿಎಫ್ ಕೂಡ ಜೊತೆಗಿರಲಿ. ಅಪಾಚೆ ಓಪನ್ ಆಫೀಸ್ ಕೂಡ ಉಚಿತವೇ, ಹೆಸರೂ ಹತ್ತಿರ. ಆದರೆ ಅದು ಡಾಕ್ಸ್ ಫೈಲ್ ತೆರೆಯುತ್ತದೆಯೇ ಹೊರತು ಡಾಕ್ಸ್ ಆಗಿ ಉಳಿಸುವುದಿಲ್ಲ. ಗೈಡ್‌ಗೆ ಫೈಲ್ ಕಳಿಸುತ್ತಲೇ ಇರಬೇಕಾದವರಿಗೆ ಅದು ಒಗ್ಗುವುದಿಲ್ಲ. ಗೂಗಲ್ ಡಾಕ್ಸ್ ಒಳ್ಳೆಯದೇ, ಆದರೆ ನನ್ನ ರೂಮಿನಲ್ಲಿ ಮೊಬೈಲ್ ಡೇಟಾ ಬಿಟ್ಟರೆ ಬೇರೆ ನೆಟ್ ಇಲ್ಲ.

ಈಗ ತಂಗಿ ಬಿ.ಎ. ಸೇರಿದ್ದಾಳೆ. ಈ ಲ್ಯಾಪ್‌ಟಾಪ್ ಅವಳ ಕೈಗೆ ಹೋಗುತ್ತಿದೆ. ಎರಡೂ ಫಾಂಟಿನ ಅಳತೆ ಕೂಡಿಸಿದ ಒಂದು ಖಾಲಿ ಫೈಲನ್ನು `File > Templates` ಒಳಗೆ ಅವಳಿಗಾಗಿ ಉಳಿಸಿಟ್ಟಿದ್ದೇನೆ.