ಹಬ್ಬದ ಶುಭಾಶಯಕ್ಕೆ ದೂರಿನ ಸಂಖ್ಯೆ ಬಂತು: ನೀರಿನ ಯಂತ್ರದ ಸೇವಾ ಕೇಂದ್ರದೊಂದಿಗೆ ನಾಲ್ಕು ವರ್ಷ

ಕಲಬುರಗಿಯಲ್ಲಿ ನಾನು ಒಂದು ಸಣ್ಣ ಖಾನಾವಳಿ ನಡೆಸುತ್ತೇನೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿಬೇಳೆ ಸಾರು, ಶೇಂಗಾ ಹಿಂಡಿ ನಮ್ಮಲ್ಲಿ ದಿನವೂ ಇರುತ್ತವೆ. ಕೊಳವೆಬಾವಿಯ ನೀರು ಗಡಸು. ಪಾತ್ರೆಯ ಅಂಚಿಗೆ ಬಿಳಿ ಪದರ ಕಟ್ಟುತ್ತಿತ್ತು, ಬೇಳೆ ಬೇಯಲು ಹೊತ್ತು ಹಿಡಿಯುತ್ತಿತ್ತು. ಅದಕ್ಕೆಂದೇ 2021ರ ಕೊನೆಯಲ್ಲಿ ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಕೂರಿಸಿ, ಅದರ ಜೊತೆಗೆ ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನೂ ಮಾಡಿಕೊಂಡೆ. ಯಂತ್ರ ಚೆನ್ನಾಗಿದೆ. ಮೊದಲ ಹಂತದ ಫಿಲ್ಟರ್ ನಮ್ಮ ನೀರಿಗೆ ಬೇಗ ಕೆಸರು ಹಿಡಿಯುತ್ತದೆ, ಅದನ್ನು ಹೇಳಿದ ದಿನ ಬಂದು ಬದಲಿಸುತ್ತಾರೆ. ಯಂತ್ರದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಕ್ಕೇನಿಲ್ಲ. ಬರೆಯಬೇಕಾದ್ದು ಆ ಸೇವಾ ಕೇಂದ್ರದ ವಾಟ್ಸ್ಆ್ಯಪ್ ಸಂಖ್ಯೆಯ ಬಗ್ಗೆ, ಅದರಲ್ಲೂ ಹಬ್ಬದ ದಿನ ಅದು ನಡೆದುಕೊಳ್ಳುವ ರೀತಿಯ ಬಗ್ಗೆ.

ಹಬ್ಬ ಬಂದರೆ ಖಾನಾವಳಿಗೆ ಬರುವವರು, ತರಕಾರಿಯವರು, ಗಿರಣಿಯವರು, ಗ್ಯಾಸ್ ತರುವ ಹುಡುಗ ಎಲ್ಲರಿಗೂ ಒಂದೇ ಸಲ ಶುಭಾಶಯ ಕಳುಹಿಸುವುದು ನನ್ನ ರೂಢಿ. ವಾಟ್ಸ್ಆ್ಯಪ್‌ನ ಪ್ರಸಾರ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸೇವಾ ಕೇಂದ್ರದವರೂ ನನ್ನ ಸಂಖ್ಯೆಯನ್ನು ಉಳಿಸಿಕೊಂಡಿದ್ದರು. ಹೀಗಾಗಿ 2022ರ ಏಪ್ರಿಲ್ 2ರ ಯುಗಾದಿಗೆ ನಾನು ಕಳುಹಿಸಿದ ಚಿತ್ರ ಅವರಿಗೂ ಹೋಯಿತು. ಮಾವಿನ ತೋರಣ, ಬೇವಿನ ಹೂವು, ನಡುವೆ ಎರಡು ಸಾಲಿನ ಹಾರೈಕೆ, ಅಷ್ಟೇ ಆ ಚಿತ್ರ.

ಒಂದು ನಿಮಿಷದೊಳಗೆ ಉತ್ತರ ಬಂತು: ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಹೊಸ ಯಂತ್ರಕ್ಕೆ 1, ದುರಸ್ತಿಗೆ 2, ಹಣ ಪಾವತಿಗೆ 3 ಒತ್ತಿ.’ ನಾನು ಏನನ್ನೂ ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು ಸಂದೇಶ: ‘ನಿಮ್ಮ ದೂರು ದಾಖಲಾಗಿದೆ.’ ಕೆಳಗೆ ಒಂದು ದೂರಿನ ಸಂಖ್ಯೆ. ಮಧ್ಯಾಹ್ನ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ, ಕೈ ತುಂಬ ಬೆಲ್ಲದ ಅಂಟು, ಆಗ ತಂತ್ರಜ್ಞನ ಕರೆ. ‘ಅಕ್ಕಾ, ಯಂತ್ರದ ಫೋಟೋ ಕಳಿಸಿದ್ದೀರಂತೆ, ಏನಾಗಿದೆ?’ ಎಂದ. ಅವನ ಮನೆಯಲ್ಲೂ ಹಬ್ಬ. ಬೇವು ಕುಡಿದು ಊಟಕ್ಕೆ ಕೂರಬೇಕಾದವನು ನನ್ನ ತೋರಣದ ಚಿತ್ರಕ್ಕೆ ಉತ್ತರ ಹುಡುಕುತ್ತಿದ್ದ. ಸಂಜೆ ಕೊನೆಯ ಸಂದೇಶ ಬಂತು: ‘ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ 1ರಿಂದ 5ರವರೆಗೆ ಅಂಕ ನೀಡಿ.’ ಇಷ್ಟೆಲ್ಲ ಬಂದರೂ ‘ನಿಮಗೂ ಯುಗಾದಿಯ ಶುಭಾಶಯ’ ಎಂಬ ಮಾತು ಮಾತ್ರ ಎಲ್ಲೂ ಬರಲಿಲ್ಲ. ಅದರಿಂದ ನನಗೆ ನಿಜವಾಗಿಯೂ ನೋವಾಯಿತು.

ಇದು ಹೇಗಾಗುತ್ತದೆ ಎಂದು, ಇಂಥ ತಾನಾಗಿ ಉತ್ತರಿಸುವ ವ್ಯವಸ್ಥೆಗಳ ಕೆಲಸ ಮಾಡುವ ನನ್ನ ತಂಗಿಯ ಮಗ ಆಮೇಲೆ ಬಿಡಿಸಿ ಹೇಳಿದ. ಅಂಥ ವ್ಯವಸ್ಥೆಯಲ್ಲಿ ಒಳಬರುವ ಪ್ರತಿ ಸಂದೇಶವೂ ಒಂದು ಹೊಸ ಕಡತ ತೆರೆಯುತ್ತದೆ. ಪಠ್ಯ ಬಂದರೆ ಅದರಲ್ಲಿ ಗೊತ್ತಿರುವ ಪದ ಹುಡುಕುತ್ತದೆ, ಚಿತ್ರ ಬಂದರೆ ‘ಕೆಟ್ಟ ಯಂತ್ರದ ಫೋಟೋ’ ಎಂದು ತಿಳಿದು ದುರಸ್ತಿಯ ಸಾಲಿಗೆ ತಳ್ಳುತ್ತದೆ. ಯಾರಾದರೂ ಏನನ್ನೂ ಕೇಳದೆ ಸುಮ್ಮನೆ ಬರೆಯಬಹುದು ಎಂಬುದಕ್ಕೆ ಅಲ್ಲಿ ಜಾಗವೇ ಇಟ್ಟಿರಲಿಲ್ಲ.

ಮರುವರ್ಷ ಅವರು ಇದನ್ನು ತಿದ್ದಲು ಹೋದರು, ಆದರೆ ಅರ್ಧಕ್ಕೆ ನಿಂತರು. ಯುಗಾದಿ, ದಸರಾ, ದೀಪಾವಳಿ, ರಂಜಾನ್ ಎಂಬ ಪದಗಳು ಕಂಡರೆ ತಾನಾಗಿ ಶುಭಾಶಯ ಹೋಗುವಂತೆ ಮಾಡಿದರು. ಆ ಪದಗಳ ಪಟ್ಟಿ ಮಾಡಿದವರು ನಮ್ಮ ಕಡೆಯವರಲ್ಲ ಎಂದು ಎಳ್ಳ ಅಮಾವಾಸ್ಯೆಯ ದಿನ ಗೊತ್ತಾಯಿತು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅದು ಎಷ್ಟು ದೊಡ್ಡ ಹಬ್ಬ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಚರಗ ಚೆಲ್ಲುತ್ತದೆ, ಭಜ್ಜಿ ಮತ್ತು ಸಜ್ಜೆ ರೊಟ್ಟಿ ಉಣ್ಣುತ್ತದೆ. ನನ್ನ ಶುಭಾಶಯಕ್ಕೆ ಬಂದ ಉತ್ತರ: ‘ಕ್ಷಮಿಸಿ, ನಿಮ್ಮ ಕೋರಿಕೆ ಅರ್ಥವಾಗಲಿಲ್ಲ.’ ಪಟ್ಟಿಯಲ್ಲಿದ್ದ ಹಬ್ಬಕ್ಕೆ ಉತ್ತರ ಬಂದಾಗಲೂ ಅದರ ಬಾಲಕ್ಕೆ ಒಂದು ಜಾಹೀರಾತು ಕಟ್ಟಿರುತ್ತಿದ್ದರು: ‘ಹಬ್ಬದ ಕೊಡುಗೆ, ಒಪ್ಪಂದ ಈಗಲೇ ನವೀಕರಿಸಿ.’ ಗ್ರಾಹಕರು ಒಂದು ಸಂದೇಶ ಕಳುಹಿಸಿದರೆ ಅಲ್ಲಿಂದ 24 ಗಂಟೆ ಸಂಸ್ಥೆ ತನ್ನ ಮಾತಿನಲ್ಲಿ ಏನು ಬೇಕಾದರೂ ಬರೆಯಬಹುದು, ಆಮೇಲೆ ಮೊದಲೇ ಒಪ್ಪಿಗೆ ಪಡೆದ ಮಾದರಿ ಸಂದೇಶವನ್ನಷ್ಟೇ ಕಳುಹಿಸಬೇಕು ಎಂಬುದು ದೊಡ್ಡ ಸಂಸ್ಥೆಗಳು ಬಳಸುವ ವಾಟ್ಸ್ಆ್ಯಪ್ ವ್ಯವಸ್ಥೆಯ ನಿಯಮ. ನನ್ನ ಹಾರೈಕೆ ಅವರಿಗೆ ಆ 24 ಗಂಟೆಯ ಬಾಗಿಲು ತೆರೆದುಕೊಡುತ್ತಿತ್ತು. ಅದನ್ನು ವ್ಯಾಪಾರಕ್ಕೆ ಬಳಸಿಕೊಂಡದ್ದು ನನಗೆ ಸರಿ ಕಾಣಲಿಲ್ಲ. ಎರಡು ಹಬ್ಬ ಅವರನ್ನು ಪಟ್ಟಿಯಿಂದ ತೆಗೆದೇ ಕಳುಹಿಸಿದೆ.

ದಸರೆಯ ಸಂಜೆ ನಮ್ಮಲ್ಲಿ ಬನ್ನಿ ಕೊಡುವುದನ್ನು ನೆನಪಿಸಿಕೊಳ್ಳಿ. ಚಿಕ್ಕವರು ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ, ದೊಡ್ಡವರು ಹರಸಿ ತಮ್ಮ ಕೈಯಲ್ಲಿದ್ದ ಎಲೆ ಕೊಡುತ್ತಾರೆ, ಬಂಗಾರದಂತೆ ಇರೋಣ ಎನ್ನುತ್ತಾರೆ. ಬಂದವರನ್ನು ‘ಏನು ಕೆಲಸವಿತ್ತು?’ ಎಂದು ಹೊಸ್ತಿಲಲ್ಲಿ ನಿಲ್ಲಿಸಿ ಯಾರೂ ಕೇಳುವುದಿಲ್ಲ. ಸೇವಾ ಕೇಂದ್ರ ಒಪ್ಪಂದ ನವೀಕರಣಕ್ಕೆ ಕರೆ ಮಾಡಿದಾಗ ನಾನು ಇದೇ ಉದಾಹರಣೆ ಕೊಟ್ಟೆ. ಕರೆ ಮಾಡಿದ ಹೆಣ್ಣುಮಗಳು ಅಫಜಲಪುರದ ಕಡೆಯವಳು. ‘ಅಕ್ಕಾ, ನೀವು ಹೇಳಿದ್ದು ತಿಳಿಯಿತು, ನಾನು ಮೇಲಿನವರಿಗೆ ಹೇಳುತ್ತೇನೆ’ ಎಂದಳು. ಹೇಳಿದಳು ಕೂಡ. 2024ರಿಂದ ಹಬ್ಬದ ದಿನಗಳಲ್ಲಿ ಆ ಸಂಖ್ಯೆಯ ಸಂದೇಶಗಳನ್ನು ಮೊದಲು ಒಬ್ಬರು ಓದುತ್ತಾರೆ, ಹೆಚ್ಚಾಗಿ ಅವಳೇ. ಬರೀ ಶುಭಾಶಯವಿದ್ದರೆ ಅದಕ್ಕೆ ‘ದೂರು ಅಲ್ಲ’ ಎಂಬ ಗುರುತು ಹಚ್ಚಿ, ಕಡತ ತೆರೆಯದೆ ಉತ್ತರ ಬರೆಯುತ್ತಾರೆ.

ಆ ಉತ್ತರ ಹೇಗಿರುತ್ತದೆ ಎಂದು ಒಂದನ್ನು ಹತ್ತಿರದಿಂದ ನೋಡೋಣ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ ಮರುದಿನವೇ ಬಂತು. ನನ್ನ ಪಟ್ಟಿಯಲ್ಲಿ ಎರಡೂ ಮನೆಗಳವರಿದ್ದಾರೆ, ಎರಡೂ ಹಬ್ಬಗಳ ಹೆಸರು ಹಾಕಿ ಒಂದೇ ಶುಭಾಶಯ ಕಳುಹಿಸಿದೆ. ಉತ್ತರ ಇಷ್ಟೇ: ‘ಅಕ್ಕಾ, ನಿಮಗೂ ಮನೆಯವರಿಗೂ ಯುಗಾದಿ ಮತ್ತು ರಂಜಾನ್ ಹಬ್ಬದ ಶುಭಾಶಯಗಳು. ಖಾನಾವಳಿಗೆ ಈ ವರ್ಷ ಒಳ್ಳೆಯದಾಗಲಿ.’ ನಾನು ಹೆಸರಿಸಿದ ಹಬ್ಬಗಳನ್ನೇ ಅವಳೂ ಹೆಸರಿಸಿದ್ದಾಳೆ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿಲ್ಲ. ನಾನು ಕನ್ನಡದಲ್ಲಿ ಬರೆದಿದ್ದೆ, ಅವಳೂ ಕನ್ನಡದಲ್ಲೇ ಬರೆದಿದ್ದಾಳೆ. ನನ್ನ ಎರಡು ಸಾಲಿಗೆ ಎರಡು ಸಾಲು. ಖಾನಾವಳಿ ಎಂಬ ಒಂದು ಪದದಿಂದ ಇದು ನನಗೇ ಬರೆದದ್ದು ಎಂದು ತಿಳಿಯುತ್ತದೆ. ‘ನಾವು ಹೇಗೆ ಸಹಾಯ ಮಾಡಬಹುದು?’ ಎಂಬ ಪ್ರಶ್ನೆ ಕೊನೆಯಲ್ಲಿಲ್ಲ. ಆ ಪ್ರಶ್ನೆ ಕೇಳಲು ಸೌಜನ್ಯದ ಮಾತು, ಆದರೆ ಹಾರೈಸಲು ಬಂದವರಿಗೆ ಅದು ಕೆಲಸ ಹೇಳು ಎಂದಂತೆ ತಾಗುತ್ತದೆ. ನಾನು ಕೈಮುಗಿದ ಚಿಹ್ನೆ ಕಳುಹಿಸಿದೆ, ಅದಕ್ಕೆ ಮತ್ತೆ ಉತ್ತರ ಬರಲಿಲ್ಲ. ಅದೂ ಸರಿಯೇ. ಮೊದಲಿನ ವ್ಯವಸ್ಥೆಯಾಗಿದ್ದರೆ ಆ ಕೈಮುಗಿದದ್ದಕ್ಕೂ 1, 2, 3 ಎಂದು ಎಣಿಸಿಕೊಂಡು ಬರುತ್ತಿತ್ತು.

ಶುಭಾಶಯದಾಚೆಗೆ ಒಂದು ಮಾತು ಸೇರಿಸಬೇಕಾದ ಸಂದರ್ಭವೂ ಇದೆ. ಆ ವರ್ಷದ ದೀಪಾವಳಿಗೆ ಎರಡು ದಿನ ಮೊದಲು ಯಂತ್ರದ ಪಂಪ್ ನಿಂತಿತ್ತು, ದೂರು ಕೊಟ್ಟಿದ್ದೆ, ಇನ್ನೂ ಯಾರೂ ಬಂದಿರಲಿಲ್ಲ. ಹಬ್ಬದ ದಿನ ಎಂದಿನಂತೆ ಎಲ್ಲರಿಗೂ ಹಾರೈಕೆ ಹೋಯಿತು, ದೂರಿನ ಮಾತು ನಾನು ಎತ್ತಲಿಲ್ಲ. ಅವಳು ಬರೆದಳು: ‘ನಿಮಗೂ ದೀಪಾವಳಿಯ ಶುಭಾಶಯಗಳು ಅಕ್ಕಾ. ನಿಮ್ಮ ಪಂಪ್ ಕೆಲಸ ಬಾಕಿ ಇರುವುದು ನೆನಪಿದೆ, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗ ಬರುತ್ತಾನೆ.’ ಮೊದಲು ಹಾರೈಕೆ, ಆಮೇಲೆ ಖಚಿತವಾದ ಒಂದೇ ಸುದ್ದಿ. ಬಾಕಿ ಇದೆ ಎಂದು ಗೊತ್ತಿದ್ದೂ ಬರೀ ಶುಭಾಶಯ ಬರೆದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಹೇಳಲು ಸಮಯ ಗೊತ್ತಿಲ್ಲದಿದ್ದರೆ ‘ಶೀಘ್ರದಲ್ಲೇ’ ಎಂಬ ಮಾತಿಗಿಂತ ಶುಭಾಶಯವೇ ಸಾಕು ಎಂದು ನನ್ನ ಅಭಿಪ್ರಾಯ.

ಮೊಹರಂ ಇವೆಲ್ಲಕ್ಕಿಂತ ಕಠಿಣ. ನಮ್ಮ ಹಳ್ಳಿಗಳಲ್ಲಿ ಹಿಂದೂಗಳೂ ಸೇರಿ ಅಲಾಯಿ ದೇವರನ್ನು ಕೂರಿಸುತ್ತಾರೆ, ಹೆಜ್ಜೆ ಹಾಕುತ್ತಾರೆ. ಹಾಗಾಗಿ ‘ಮೊಹರಂ ಶುಭಾಶಯ’ ಎಂದು ಬರೆಯುವವರು ಇದ್ದಾರೆ, ಮೊದಲು ನಾನೂ ಬರೆದಿದ್ದೇನೆ. ಆದರೆ ಅದು ಕರ್ಬಲಾದಲ್ಲಿ ಇಮಾಮ್ ಹುಸೇನ್ ಹುತಾತ್ಮರಾದ ನೆನಪಿನ ದಿನ, ಹಲವು ಮನೆಗಳಲ್ಲಿ ಶೋಕದ ದಿನ. ನನ್ನ ಆ ಸಂದೇಶಕ್ಕೆ ಸೇವಾ ಕೇಂದ್ರದಿಂದ ಬಂದದ್ದು ‘ನೆನಪಿಸಿಕೊಂಡಿದ್ದಕ್ಕೆ ಧನ್ಯವಾದ ಅಕ್ಕಾ. ನಿಮ್ಮ ಮನೆಯವರಿಗೆಲ್ಲ ಒಳ್ಳೆಯದಾಗಲಿ’ ಎಂಬ ಮಾತು. ನನ್ನನ್ನು ತಿದ್ದಲಿಲ್ಲ, ನನ್ನ ತಪ್ಪನ್ನು ತಾನೂ ಆಡಲಿಲ್ಲ. ಹುಡುಗಿಯ ಈ ಜಾಣ್ಮೆ ನನಗೆ ಬಹಳ ಹಿಡಿಸಿತು. ಮುಂದಿನ ವರ್ಷದಿಂದ ನಾನೂ ಪದ ಬದಲಿಸಿದೆ.

ಕೊರತೆಯೂ ಇದೆ. ಒಮ್ಮೆ ಗಣೇಶ ಚತುರ್ಥಿಗೆ ಹತ್ತು ಸಾಲಿನ ಹಾರೈಕೆಯ ಕೆಳಗೆ ‘ನೀರು ಸಣ್ಣಗೆ ಬರುತ್ತಿದೆ, ನೋಡಿ’ ಎಂದು ಸೇವಾ ಕೇಂದ್ರಕ್ಕೆ ಮಾತ್ರ ಪ್ರತ್ಯೇಕವಾಗಿ ಬರೆದಿದ್ದೆ. ಅವಳು ರಜೆಯಲ್ಲಿದ್ದಳು. ಅವಳ ಜಾಗದಲ್ಲಿ ಕುಳಿತವರು ಮೇಲಿನ ಎರಡು ಸಾಲು ಓದಿ, ‘ದೂರು ಅಲ್ಲ’ ಗುರುತು ಹಚ್ಚಿ, ಚೆಂದದ ಶುಭಾಶಯ ಕಳುಹಿಸಿ ಮುಗಿಸಿದರು. ಮೂರು ದಿನ ಕಾದು ನಾನೇ ಕರೆ ಮಾಡಬೇಕಾಯಿತು. ಆ ಮೂರು ದಿನ ಹೊರಗಿನಿಂದ ಕ್ಯಾನ್ ನೀರು ತರಿಸಿದೆ. ಕೊನೆಯ ಸಾಲಿನ ತನಕ ಓದದೆ ಶುಭಾಶಯ ಎಂದು ತೀರ್ಮಾನಿಸಬಾರದು ಎಂದು ಅವರಿಗೆ ಬರೆದು ಕೊಟ್ಟಿದ್ದೇನೆ. ನನ್ನ ಕಡೆಯಿಂದಲೂ ಈಗ ಹಾರೈಕೆ ಒಂದು ಸಂದೇಶ, ಕೆಲಸ ಇನ್ನೊಂದು ಸಂದೇಶ ಎಂದು ಬೇರೆ ಮಾಡಿದ್ದೇನೆ.

ರಾತ್ರಿ ಒಂಬತ್ತರ ನಂತರ ಕಳುಹಿಸಿದರೆ ಇಂದಿಗೂ ಹಳೆಯ 1, 2, 3 ಪಟ್ಟಿಯೇ ಬರುತ್ತದೆ. ರಾತ್ರಿಗೆ ಜನ ಇಡುವುದು ಅವರಿಗೆ ಆಗದು, ಒಪ್ಪುತ್ತೇನೆ. ಆ ಹೊತ್ತಿನಲ್ಲಿ ಬಂದ ಸಂದೇಶಕ್ಕೆ ಪಟ್ಟಿ ಕಳುಹಿಸದೆ ಸುಮ್ಮನಿದ್ದು, ಬೆಳಿಗ್ಗೆ ಓದಿ ಬರೆದರೆ ಸಾಕು. 24 ಗಂಟೆ ಅದಕ್ಕೆ ಧಾರಾಳವಾಯಿತು.

ಒಪ್ಪಂದವನ್ನು ಈ ಸಲವೂ ನವೀಕರಿಸಿದ್ದೇನೆ. ಐದರಲ್ಲಿ ನಾಲ್ಕು ಅಂಕ, ಉಳಿದ ಒಂದು ಆ ರಾತ್ರಿಯ ಪಟ್ಟಿ ನಿಂತ ಮೇಲೆ. ಕಳೆದ ಎಳ್ಳ ಅಮಾವಾಸ್ಯೆಗೆ ಹೊಲದಿಂದಲೇ ಶುಭಾಶಯ ಕಳುಹಿಸಿದ್ದೆ. ಭಜ್ಜಿಯ ಬುಟ್ಟಿ ಇಳಿಸುವಷ್ಟರಲ್ಲಿ ಉತ್ತರ ಬಂದಿತ್ತು: ‘ನಿಮಗೂ ಎಳ್ಳ ಅಮಾವಾಸ್ಯೆಯ ಶುಭಾಶಯ ಅಕ್ಕಾ. ನಾವೂ ಹೊಲದಲ್ಲೇ ಇದ್ದೇವೆ.’