ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ಎರಡು ವರ್ಷ ಬಳಸಿದ ಮೇಲೆ

ನಾನು ಬದಿಯಡ್ಕದ ಹತ್ತಿರದವನು, ಅಡಿಕೆ ಕೃಷಿ. ವಯಸ್ಸು 58. ಶುಗರ್ ಬಂದು 11 ವರ್ಷ ಆಯಿತು, ರಾತ್ರಿ ಇನ್ಸುಲಿನ್ ಶುರುವಾಗಿ ಮೂರು ವರ್ಷ. ಎರಡು ವರ್ಷಗಳಲ್ಲಿ ಈ ಸೆನ್ಸರ್ ಏಳು ಸಲ ಹಾಕಿಸಿದ್ದೇನೆ. ಹೇಗೆ ಅಂಟಿಸುವುದು, ಆ್ಯಪ್ ಹೇಗಿದೆ ಎಂಬುದೆಲ್ಲ ಬೇರೆಯವರು ಬರೆದಿದ್ದಾರೆ. ನಾನು ಬರೆಯುತ್ತಿರುವುದು ಬೆಳಗಿನ ಜಾವದ ಬಗ್ಗೆ ಮಾತ್ರ. ಅದರಲ್ಲೇ ಈ ಸೆನ್ಸರ್ ನನ್ನನ್ನು ಒಮ್ಮೆ ಪೂರ್ತಿ ದಾರಿ ತಪ್ಪಿಸಿತು.

ನನ್ನ ತೊಂದರೆ ಇದು. ರಾತ್ರಿ ಮಲಗುವಾಗ 120 ಇರುತ್ತಿದ್ದ ಶುಗರ್ ಬೆಳಿಗ್ಗೆ ಏಳು ಗಂಟೆಗೆ 190, 200. ನಡುವೆ ಒಂದು ತುತ್ತೂ ತಿಂದಿಲ್ಲ. ಭಾವನಿಗೆ ಹೇಳಿದೆ. ಅವನೂ ಶುಗರಿನವನೇ. "ಭಾವ, ನಿಮಗೆ ನಿದ್ದೆಯಲ್ಲಿ ಶುಗರ್ ತೀರಾ ಇಳಿದು ಲೋ ಆಗುತ್ತಿದೆ. ಅದಕ್ಕೆ ದೇಹ ಗಾಬರಿಯಾಗಿ ಸಕ್ಕರೆ ಬಿಡುತ್ತದೆ. ಇನ್ಸುಲಿನ್ ಜಾಸ್ತಿಯಾಯಿತು, ಕಡಿಮೆ ಮಾಡಿ" ಎಂದ. ಅದನ್ನು ನೋಡಲೆಂದೇ ಸುಮಾರು 5000 ರೂಪಾಯಿ ಕೊಟ್ಟು ಮೊದಲ ಸೆನ್ಸರ್ ತಂದದ್ದು.

ಆಟಿ ತಿಂಗಳು, ಹೊರಗೆ ಜೋರು ಮಳೆ. ಐದನೇ ರಾತ್ರಿ 2.20ಕ್ಕೆ ಮೊಬೈಲ್ ಕೂಗಿತು. ಹೆಂಡತಿಯೇ ಎಬ್ಬಿಸಿದಳು. ಪರದೆಯಲ್ಲಿ 56. ಕೂಡಲೇ ಬೆಲ್ಲದ ದೊಡ್ಡ ತುಂಡು, ಎರಡು ಕದಳಿ ಹಣ್ಣು ತಿಂದು ಮಲಗಿದೆ. ಬೆಳಿಗ್ಗೆ 238. ಮುಂದಿನ ಎರಡು ರಾತ್ರಿಯೂ ಅದೇ ಕತೆ. ಭಾವ ಹೇಳಿದ್ದು ಸರಿ ಎಂದು ನಂಬಿ, ಡಾಕ್ಟರನ್ನು ಕೇಳದೆ 14 ಯೂನಿಟ್ ಇನ್ಸುಲಿನ್ 10ಕ್ಕೆ ಇಳಿಸಿದೆ. ಒಂದು ವಾರದಲ್ಲಿ, ರಾತ್ರಿ ಏನೂ ತಿನ್ನದಿದ್ದರೂ ಬೆಳಗಿನ ಲೆಕ್ಕ 220 ದಾಟಿತು. ಆಗ ಹೆದರಿಕೆಯಾಯಿತು.

ಮಂಗಳೂರಿನ ಡಾಕ್ಟರಿಗೆ ಮೊಬೈಲ್ ತೋರಿಸಿದೆ. ಅವರು ಆ್ಯಪಿನಲ್ಲಿ ಶುಗರಿನ ಏರಿಳಿತ ತೋರಿಸುವ ಗೆರೆಯನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಮೊದಲು ಕೇಳಿದ ಪ್ರಶ್ನೆ: "ನೀವು ಯಾವ ಮಗ್ಗುಲಿಗೆ ಮಲಗುತ್ತೀರಿ?"

ಎಡಕ್ಕೆ. ಸೆನ್ಸರ್ ಇದ್ದದ್ದೂ ಎಡತೋಳಿನಲ್ಲೇ.

ಈ ಸೆನ್ಸರ್ ರಕ್ತವನ್ನು ಅಳೆಯುವುದಿಲ್ಲ. ಚರ್ಮದ ಕೆಳಗಿನ ನೀರಿನಲ್ಲಿರುವ ಸಕ್ಕರೆಯನ್ನು ಅಳೆಯುತ್ತದೆ. ಮೈಯ ಭಾರ ಅದರ ಮೇಲೆ ಬಿದ್ದರೆ ಆ ಜಾಗಕ್ಕೆ ರಕ್ತ ಸರಿಯಾಗಿ ಬರುವುದಿಲ್ಲ. ಹಾಗಾಗಿ ಅಲ್ಲಿ ಮಾತ್ರ ಸಕ್ಕರೆ ಕಡಿಮೆ ಕಾಣುತ್ತದೆ, ಮೈಯಲ್ಲೆಲ್ಲ ಸರಿ ಇರುತ್ತದೆ. ಗೆರೆಯಲ್ಲಿ ಇದರ ಗುರುತು ಇದೆ: ಗೋಡೆಯಿಂದ ಬಿದ್ದ ಹಾಗೆ ಒಮ್ಮೆಲೇ ಕೆಳಗೆ ಇಳಿಯುತ್ತದೆ, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಅಷ್ಟೇ ಬೇಗ ಮೊದಲಿದ್ದ ಜಾಗಕ್ಕೆ ಹತ್ತುತ್ತದೆ. ನನ್ನ ಮೂರು ರಾತ್ರಿಯೂ ಹಾಗೇ ಇದ್ದವು. 238 ಆದದ್ದರಲ್ಲಿ ಬೆಲ್ಲ, ಬಾಳೆಹಣ್ಣಿನ ಪಾಲೂ ಇತ್ತು.

ಇಷ್ಟು ದುಡ್ಡಿನ ವಸ್ತುವಿಗೆ ಇದು ಸಣ್ಣ ಕೊರತೆ ಅಲ್ಲ. ಅಲಾರಂ ಕೂಗುವಾಗ "ಬೆರಳು ಚುಚ್ಚಿ ನೋಡಿ" ಎಂದು ಪರದೆ ಮೇಲೆಯೇ ದೊಡ್ಡದಾಗಿ ಬರಬೇಕಿತ್ತು. ನನ್ನಂಥ ಎಷ್ಟು ಜನ ಸುಮ್ನೆ ಬೆಲ್ಲ ತಿಂದು, ಔಷಧಿ ಕಡಿಮೆ ಮಾಡಿ ಕೂತಿದ್ದಾರೋ!

ಡಾಕ್ಟರು 14 ಯೂನಿಟ್ ವಾಪಸ್ ಮಾಡಿದರು. ಎರಡನೇ ಸೆನ್ಸರ್ ಬಲತೋಳಿಗೆ ಹಾಕಿಸಿದೆ. ಜೊತೆಗೆ ನಾಲ್ಕು ರಾತ್ರಿ ಮೂರು ಗಂಟೆಗೆ ಎದ್ದು ಗ್ಲೂಕೋಮೀಟರಿನಲ್ಲೂ ನೋಡಿದೆ. ಅದು ನಮ್ಮ ಮನೆಯಲ್ಲಿ ಒಂದು ಕ್ರಮವೇ ಆಯಿತು. ಸ್ಟ್ರಿಪ್ ಡಬ್ಬಿ, ಹತ್ತಿ, ಒಂದು ಚೊಂಬು ನೀರು ತಲೆದೆಸೆಯಲ್ಲಿ. ಟಾರ್ಚ್ ಹೆಂಡತಿಯ ಕೈಯಲ್ಲಿ. ಕೈ ತೊಳೆದು ಒರೆಸಿ, ಬೆರಳಿನ ಬದಿಗೆ ಚುಚ್ಚಿ, ಅವಳು ಕ್ಯಾಲೆಂಡರಿನಲ್ಲಿ ಬರೆಯುವುದು: 116, 109, 121, 112. ಒಂದು ದಿನವೂ 70ರ ಹತ್ತಿರಕ್ಕೂ ಹೋಗಲಿಲ್ಲ. ಸೆನ್ಸರಿನ ಗೆರೆಯೂ ನಾಲ್ಕು ಗಂಟೆವರೆಗೆ ಚಪ್ಪಟೆ. ಆಮೇಲೆ ಗುಡ್ಡ ಹತ್ತಿದ ಹಾಗೆ ನಿಧಾನವಾಗಿ ಏರಿ, ಏಳಕ್ಕೆ 185.

ಇದು ಲೋ ಆಗಿ ಏರಿದ್ದಲ್ಲ, ಬೆಳಗಿನ ಜಾವದ ಏರಿಕೆ. ಡಾಕ್ಟರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ರಾತ್ರಿಯ ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನ್ ಬರುತ್ತದೆ. ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಅದರ ಪರಿಣಾಮ ಕೆಲವು ಗಂಟೆ ಕಳೆದು ಕಾಣುತ್ತದೆ. ಏಳುವ ಹೊತ್ತು ಹತ್ತಿರ ಬಂದ ಹಾಗೆ ಕಾರ್ಟಿಸಾಲ್ ಏರುತ್ತದೆ. ಎಲ್ಲ ಸೇರಿ ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ದಿನ ಶುರುಮಾಡಲು ಶಕ್ತಿ ಬೇಕಲ್ವಾ, ಅದಕ್ಕೆ. ಇದು ಎಲ್ಲರಿಗೂ ಆಗುತ್ತದೆ. ಶುಗರ್ ಇಲ್ಲದವರ ದೇಹ ಆ ಹೊತ್ತಿಗೆ ಸ್ವಲ್ಪ ಹೆಚ್ಚು ಇನ್ಸುಲಿನ್ ಕೊಟ್ಟು ಸರಿಮಾಡಿಕೊಳ್ಳುತ್ತದೆ. ನನ್ನದರಿಂದ ಅದು ಆಗುವುದಿಲ್ಲ.

ಭಾವ ಹೇಳಿದ್ದಕ್ಕೂ ಹೆಸರಿದೆ, ಸೊಮೊಗಿ ಪರಿಣಾಮ. 1930ರ ದಶಕದಲ್ಲಿ ಮೈಕೆಲ್ ಸೊಮೊಗಿ ಎಂಬ ವಿಜ್ಞಾನಿ ಹೇಳಿದ್ದು. ಲೋ ಆದಾಗ ಗ್ಲುಕಗಾನ್, ಅಡ್ರಿನಲಿನ್ ಹರಿದು ಸಕ್ಕರೆ ಮೇಲೆ ಹೋಗುವುದು ನಿಜ. ಆದರೆ ಇಂಥ ಸೆನ್ಸರುಗಳು ಬಂದ ಮೇಲೆ ನೋಡಿದಾಗ, ರಾತ್ರಿ ಲೋ ಆದವರಿಗೆ ಬೆಳಿಗ್ಗೆಯೂ ಹೆಚ್ಚಾಗಿ ಕಡಿಮೆಯೇ ಇರುವುದು ಕಂಡಿದೆ. ಬೆಳಗಿನ ಏರಿಕೆಗೆ ಅದೇ ಕಾರಣವಾಗುವುದು ಅಪರೂಪ.

ಅದನ್ನು ನನ್ನ ಮೈಯಲ್ಲೇ ನೋಡಿದೆ. ಕಳೆದ ವರ್ಷ ಅಡಿಕೆ ಕೊಯ್ಲಿನ ಸಮಯ. ಇಡೀ ದಿನ ತೋಟದಲ್ಲಿದ್ದು, ರಾತ್ರಿ ಸುಸ್ತಾಗಿ ಅರ್ಧ ಬಟ್ಟಲು ಗಂಜಿ ಮಾತ್ರ ಕುಡಿದು 14 ಯೂನಿಟ್ ಚುಚ್ಚಿಕೊಂಡೆ. ಸುಮಾರು ಮೂರಕ್ಕೆ ಅಲಾರಂ. ಈ ಸಲ ಗೆರೆ ಒಂದೂವರೆ ಗಂಟೆಯಿಂದ ಇಳಿಯುತ್ತಾ ಬಂದಿತ್ತು. ತಲೆದಿಂಬು ಒದ್ದೆ, ಕೈ ನಡುಕ. ಸೆನ್ಸರ್ 63, ಬೆರಳಲ್ಲಿ 61. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದೆ, 15 ನಿಮಿಷ ಕಾದು ಮತ್ತೆ ನೋಡಿದೆ, 84. ಎರಡು ಬಿಸ್ಕೆಟ್ ತಿಂದು ಮಲಗಿದೆ. ಬೆಳಿಗ್ಗೆ ತಲೆನೋವಿತ್ತು, ಶುಗರ್ 118. ನಿಜವಾದ ಲೋ ಆದ ದಿನವೇ ನನ್ನ ಬೆಳಗಿನ ಲೆಕ್ಕ ಎಲ್ಲಕ್ಕಿಂತ ಕಡಿಮೆ!

ಇವೆರಡನ್ನು ಬೇರೆ ಮಾಡಿ ತಿಳಿಯುವುದು ಏಕೆ ಮುಖ್ಯ ಅಂದರೆ, ಮಾಡಬೇಕಾದ್ದು ಉಲ್ಟಾ. ಲೋ ಆಗುತ್ತಿದ್ದರೆ ರಾತ್ರಿಯ ಇನ್ಸುಲಿನ್ ಇಳಿಸಬೇಕು, ಇಲ್ಲವೇ ಹೊತ್ತು ಬದಲಿಸಬೇಕು. ಜಾವದ ಏರಿಕೆಗೆ ಇಳಿಸಿದರೆ ನನಗಾದ ಹಾಗೆ ಆಗುತ್ತದೆ. ಹಾಗಂತ ಏರಿಸುತ್ತಾ ಹೋದರೂ ಏಳು ಗಂಟೆಯದ್ದು ಸರಿಯಾಗುವ ಮೊದಲು ಮೂರು ಗಂಟೆಯದ್ದು ಬಿದ್ದೀತು. ಅದಕ್ಕೇ ಡಾಕ್ಟರು ನನಗೆ 14ರಲ್ಲೇ ನಿಲ್ಲಿಸಿ, ಲಿವರ್ ಬಿಡುವ ಸಕ್ಕರೆ ಕಡಿಮೆ ಮಾಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ನಿಧಾನ ಬಿಡುವ ಬಗೆಗೆ ಬದಲಿಸಿ, ರಾತ್ರಿ ಊಟದ ಜೊತೆ ಕೊಟ್ಟರು. ಊಟ ಒಂಬತ್ತರಿಂದ ಏಳೂವರೆಗೆ ಬಂತು. ಬೆಳಿಗ್ಗೆ ಐದು ನೀರ್ದೋಸೆಯ ಬದಲು ಎರಡು, ಜೊತೆಗೆ ಹೆಸರುಕಾಳು. ಆ ಹೊತ್ತಿಗೆ ಇನ್ಸುಲಿನ್ ಕೆಲಸ ಮಾಡುವುದು ಕಡಿಮೆ, ಅದಕ್ಕೆ. ಈಗ ಬೆಳಿಗ್ಗೆ 135ರಿಂದ 150.

ಉಳಿದ ಕೊರತೆಗಳು: ನಮ್ಮ ಸೆಕೆಗೆ ಅಂಟು ಹತ್ತನೇ ದಿನಕ್ಕೇ ಏಳುತ್ತದೆ, ಮೇಲಿಂದ ಪ್ಲಾಸ್ಟರ್ ಬೇಕು. ಮೊದಲ ದಿನದ ಲೆಕ್ಕ ನಂಬುವ ಹಾಗಿಲ್ಲ. ಶುಗರ್ ಬೇಗ ಬದಲಾಗುವಾಗ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ.

ತಿಂಗಳಿಗೆ ಎರಡು ಹಾಕುವಷ್ಟು ಅಡಿಕೆ ದುಡ್ಡು ನನ್ನಲ್ಲಿಲ್ಲ. ನಾಲ್ಕು ತಿಂಗಳಿಗೊಮ್ಮೆ, ಇಲ್ಲವೇ ಔಷಧಿ ಬದಲಾದಾಗ ಒಂದು ಹಾಕಿಸುತ್ತೇನೆ. 14 ದಿನದ ಗೆರೆ ಮುದ್ರಿಸಿ ಡಾಕ್ಟರಿಗೆ ಕೊಡುತ್ತೇನೆ. ಅಷ್ಟೂ ಖರ್ಚು ಮಾಡಲಾಗದವರು ಮೂರು ಗಂಟೆಗೆ ಅಲಾರಂ ಇಟ್ಟು ಮೂರು ನಾಲ್ಕು ರಾತ್ರಿ ಬೆರಳು ಚುಚ್ಚಿ, ಮಲಗುವಾಗಿನದ್ದು, ಮೂರರದ್ದು, ಎದ್ದಾಗಿನದ್ದು ಸಾಲಾಗಿ ಬರೆದರೆ ಸಾಕು. ಮೂರರದ್ದು 70ಕ್ಕಿಂತ ಕೆಳಗಿದ್ದರೆ ಒಂದು ದಾರಿ, ಸರಿ ಇದ್ದು ಆಮೇಲೆ ಏರಿದರೆ ಇನ್ನೊಂದು. ಮಲಗುವಾಗಲೇ 200 ಇದ್ದು ಇಡೀ ರಾತ್ರಿ ಹಾಗೇ ಇದ್ದರೆ ಅದು ಇವೆರಡೂ ಅಲ್ಲ, ರಾತ್ರಿಯ ಊಟ ಅಥವಾ ಔಷಧಿಯ ಲೆಕ್ಕ ನೋಡಬೇಕು. ಭಾವನಿಗೂ ಹಾಗೇ ಮಾಡಿಸಿದೆ. ಅವನ ಮೂರು ಗಂಟೆಯ ಲೆಕ್ಕ 194 ಬಂತು.