ಮುಖ ಬದಲಿಸುವ ಆಪ್: ತಲೆ ವಾಲಿದ್ದರೆ ಸೈ, ತಿರುಗಿದ್ದರೆ ಕಷ್ಟ

ದಾವಣಗೆರೆಯಲ್ಲಿ ನಮ್ಮದು ಮದುವೆ ಫೋಟೋ ಸ್ಟುಡಿಯೋ. ಗುಂಪು ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ, ಅವರದೇ ಇನ್ನೊಂದು ಫ್ರೇಮಿನ ಮುಖ ತಂದು ಕೂರಿಸಲು ಈ ಆಪ್ ಬಳಸುತ್ತೇವೆ. ಕೆಲವು ಮದುವೆ ಸೀಸನ್ ಇದರಲ್ಲೇ ಕಳೆದಿದೆ. ಬಣ್ಣ ಹೊಂದಿಸುವುದು, ಅಂಚು ಬೆರೆಸುವುದು ಚೆನ್ನಾಗಿದೆ. ಎಡವುವುದು ತಲೆಯ ಕೋನದಲ್ಲಿ.

ಒಂದು ಆರತಕ್ಷತೆ ಫೋಟೋದಲ್ಲಿ ಅಜ್ಜಿಯೊಬ್ಬರ ಕಣ್ಣು ಮುಚ್ಚಿತ್ತು. ಅವರು ಮದುಮಗಳ ಕಡೆ ಸುಮಾರು 30 ಡಿಗ್ರಿ ತಿರುಗಿದ್ದರು. ಕಣ್ಣು ತೆರೆದಿದ್ದ ಫ್ರೇಮಿನಲ್ಲಿ ನೇರ ಕ್ಯಾಮೆರಾ ನೋಡುತ್ತಿದ್ದರು. ಅದೇ ಕ್ಯಾಮೆರಾ, ಅದೇ ಲೈಟು. ಆದರೂ ಬದಲಿಸಿದ್ದನ್ನು ನೋಡಿ ಅವರ ಮಗಳು, "ನಮ್ಮವ್ವನ ಥರಾನೇ ಇಲ್ಲ ಬಿಡ್ರಿ ಇದು" ಅಂದರು.

ಅವರ ಮಾತು ಸರಿ. ಆಪ್ ಮೊದಲು ಎರಡು ಕಣ್ಣುಗಳ ನಡುವಿನ ಅಂತರ ನೋಡಿ ಮುಖದ ಅಳತೆ ಹೊಂದಿಸುತ್ತದೆ. ತಲೆ 30 ಡಿಗ್ರಿ ತಿರುಗಿದರೆ ಫೋಟೋದಲ್ಲಿ ಆ ಅಂತರ ಸುಮಾರು 87%ಗೆ ಇಳಿಯುತ್ತದೆ. ಹಣೆಯಿಂದ ಗದ್ದದವರೆಗಿನ ಉದ್ದ ಮಾತ್ರ ಇಳಿಯುವುದಿಲ್ಲ. ಆಪ್‌ಗೆ ಅದು ಗೊತ್ತಾಗದೆ ಇಡೀ ಮುಖವನ್ನೇ ಚಿಕ್ಕದು ಮಾಡಿತು. ಬಾಯಿ ಇರಬೇಕಾದ ಜಾಗಕ್ಕಿಂತ ಮೇಲೆ ಕೂತಿತು, ಕೆಳಗೆ ಗದ್ದ ಉದ್ದವಾಗಿ ಉಳಿಯಿತು.

ಮೂಗಿನದು ಇನ್ನೊಂದು ಕಥೆ. ಮೂಗು ಮುಂದಕ್ಕೆ ಚಾಚಿರುವುದರಿಂದ ತಲೆ ತಿರುಗಿದಾಗ ಅದರ ತುದಿ ಕಣ್ಣುಗಳಿಗಿಂತ ಜಾಸ್ತಿ ಸರಿಯುತ್ತದೆ, ಆಚೆ ಕೆನ್ನೆಯ ಕಡೆಗೆ. ನೇರ ಫೋಟೋದಿಂದ ಬಂದ ಮೂಗು ನಟ್ಟನಡುವೆಯೇ ನಿಂತಿತ್ತು. ಅಜ್ಜಿಯ ಎರಡೂ ಮೂಗುಬೊಟ್ಟು ಸರಿಸಮ ಕಾಣುತ್ತಿದ್ದವು. ಅಷ್ಟು ತಿರುಗಿದ ತಲೆಯಲ್ಲಿ ಆಚೆ ಕಡೆಯದು ಅರ್ಧ ಮರೆಯಾಗಬೇಕಿತ್ತು, ಅಲ್ವಾ? ಅಂಚು ಎಷ್ಟೇ ನುಣ್ಣಗೆ ಬೆರೆಸಿದರೂ ಇದು ಸರಿಹೋಗಲ್ಲ.

ತಲೆ ಹೆಗಲಿನ ಕಡೆ ವಾಲಿದ್ದರೆ ತೊಂದರೆ ಕಡಿಮೆ. ಚಿತ್ರವನ್ನು ಅಷ್ಟೇ ಕೋನಕ್ಕೆ ತಿರುಗಿಸಿದರೆ ಸಾಕು, ಆಪ್ ತಾನೇ ಮಾಡುತ್ತದೆ. ಒಂದೇ ಎಚ್ಚರ: ಮುಖದ ಜೊತೆ ನೆರಳೂ ತಿರುಗುತ್ತದೆ. ಮೇಲಿನಿಂದ ಗಟ್ಟಿ ಲೈಟು ಬಿದ್ದಿದ್ದರೆ ಮೂಗಿನ ನೆರಳು ಕೆನ್ನೆ ಕಡೆ ಓರೆಯಾಗುತ್ತದೆ.

ಬಗ್ಗಿದ ತಲೆಗೆ ಎತ್ತಿದ ಮುಖ ಹಾಕುವುದು ಬೇಡವೇ ಬೇಡ. ಕಿವಿ ನೋಡಿ, ತಕ್ಷಣ ಗೊತ್ತಾಗುತ್ತದೆ. ತಲೆ ಬಗ್ಗಿಸಿದಾಗ ಕಿವಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗುತ್ತದೆ. ಆಪ್ ಕಿವಿ ಬದಲಿಸುವುದಿಲ್ಲ. ಹಾಗಾಗಿ ಕಿವಿ ಕೆಳಗೆ ನೋಡುವ ತಲೆಯದು, ಮೂಗಿನ ಹೊಳ್ಳೆ ಮೇಲೆ ನೋಡುವ ಮುಖದ್ದು.

ಮುಖವನ್ನೇ ತಿರುಗಿಸುವ ಆಯ್ಕೆಯೂ ಇದೆ. ಸ್ವಲ್ಪ ಕೋನಕ್ಕೆ ಕೆಲಸ ಮಾಡುತ್ತದೆ. ಆದರೆ ಪಕ್ಕಕ್ಕೆ ತಿರುಗಿದ ಮುಖವನ್ನು ನೇರ ಮಾಡಲು ಹೋದರೆ, ಫೋಟೋದಲ್ಲಿ ಇಲ್ಲದ ಕೆನ್ನೆಯನ್ನು ಅದು ಊಹಿಸಿ ತುಂಬುತ್ತದೆ. ಆ ಕೆನ್ನೆಯ ಮಚ್ಚೆ, ಸುಕ್ಕು ಎಲ್ಲಿಂದ ಬರಬೇಕು?

ಅಜ್ಜಿಗೆ ಕೊನೆಗೆ ಅದೇ ಸಂಜೆಯ ಬೇರೆ ಫ್ರೇಮ್ ಹುಡುಕಿದೆವು. ಅದರಲ್ಲೂ ಅವರು ಮದುಮಗಳ ಕಡೆಯೇ ನೋಡುತ್ತಿದ್ದರು, ಕೋನದ ವ್ಯತ್ಯಾಸ 10 ಡಿಗ್ರಿಯೂ ಇರಲಿಲ್ಲ. ಒಂದೇ ಸಲಕ್ಕೆ ಕೂತಿತು. ಈಗ ಪ್ರತಿ ಗುಂಪನ್ನೂ ಯಾರೂ ಅಲುಗಾಡುವ ಮೊದಲೇ ಸಾಲಾಗಿ ನಾಲ್ಕೈದು ಕ್ಲಿಕ್ ಮಾಡಿಕೊಳ್ಳುತ್ತೇವೆ. ಹಾಗೆ ಫ್ರೇಮ್ ಇಟ್ಟುಕೊಳ್ಳುವವರಿಗೆ ಆಪ್ ಕೊಂಡರೆ ನಷ್ಟವಿಲ್ಲ. ಒಂದೇ ಫೋಟೋ ತಂದು ಮುಖ ಸರಿಮಾಡಿ ಅನ್ನುವ ಕೆಲಸಕ್ಕೆ ಇದನ್ನು ನಂಬಬೇಡಿ. 5ಕ್ಕೆ 3 ಸ್ಟಾರ್.